ಯಮನವ್ವನ ನಾಲ್ಕು ಪುಟ

ಡಾಕ್ಟರ್ ಶಿದ್ರಾಮ ಮೂಡಲಗಿಗೆ ಬಂದು ಎರಡು ತಿಂಗಳು ತುಂಬುವಷ್ಟರಲ್ಲಿ ದವಾಖಾನೆಯ ಕಾಗದ ತೀರುತ್ತ ಬಂದಿತ್ತು. ಔಷಧ ತೀರಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಕಾಗದ ತೀರಿದ್ದು ಮಾತ್ರ ಆ ಊರಿನಲ್ಲಿ ಹೊಸ ಸುದ್ದಿ.

ಅದು ಊರಿನ ವ್ಯಾಪಾರಸ್ಥರು ಕಮಿಟಿ ಮಾಡಿಕೊಂಡು ಕಟ್ಟಿಸಿದ ನಾಲ್ಕು ಹಾಸಿಗೆಯ ದವಾಖಾನೆ. ಅಲ್ಲಿ ಎರಡು ನಮೂನೆಯ ಕಾಗದಗಳಿದ್ದವು. ಬಂದು ತೋರಿಸಿಕೊಂಡು ಮನೆಗೆ ಹೋಗುವವರಿಗೆ ಅಂಗೈಯಗಲದ ಚೀಟಿ. ಅದರಲ್ಲಿ ತಕರಾರು ಏನು, ಅದಕ್ಕೆ ಸಂಬಂಧಪಟ್ಟ ಮಾತೇನು, ನೋಡಿದ್ದೇನು, ರೋಗ ಯಾವುದು, ಔಷಧ ಯಾವುದು, ಮತ್ತೆ ಯಾವಾಗ ಬರಬೇಕು ಇಷ್ಟೇ. ಹಾಸಿಗೆ ಹಿಡಿದು ಉಳಿಯುವವರಿಗೆ ನಾಲ್ಕು ಪುಟದ ದೊಡ್ಡ ಹಾಳೆ. ಈಗಿನ ಬೇನೆಯ ವೃತ್ತಾಂತ, ಹಿಂದಿನ ಬೇನೆಗಳು, ಮನೆತನದ ಬೇನೆಗಳು, ಊಟ, ನಿದ್ರೆ, ಚಟ, ಉದ್ಯೋಗ. ಆಮೇಲೆ ನೆತ್ತಿಯಿಂದ ಅಂಗಾಲಿನವರೆಗೆ ಪರೀಕ್ಷೆ. ಅದರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಹಾಸಿಗೆ ನಂಬರು’ ಎಂದು ಅಚ್ಚಾಗಿತ್ತು.

ಹುಕ್ಕೇರಿಯ ಹುಡುಗನಾದ ಶಿದ್ರಾಮ ಪುಣೆಯಲ್ಲಿ ವೈದ್ಯಕೀಯ ಕಲಿತು ಬಂದವನು. ಅಲ್ಲಿ ಅವನಿಗೆ ಕಲಿಸಿದ್ದೆಲ್ಲ ವಾರ್ಡಿನ ಹಾಸಿಗೆಗಳ ನಡುವೆ. ಹೀಗಾಗಿ ಕೆಮ್ಮು ಎಂದು ಬಂದವನಿಗೂ ದೊಡ್ಡ ಹಾಳೆ, ಕಣ್ಣಲ್ಲಿ ಕಸ ಬಿದ್ದವನಿಗೂ ದೊಡ್ಡ ಹಾಳೆ. ಕಸ ಬಿದ್ದವನ ಅಜ್ಜ ಯಾವ ಬೇನೆಯಿಂದ ಸತ್ತ ಎಂದು ಕೇಳಿ ಮುಗಿಸುವಷ್ಟರಲ್ಲಿ ಕಸ ತಾನಾಗಿಯೇ ಹೊರಬಿದ್ದಿರುತ್ತಿತ್ತು. ಹೊರಗೆ ಬೇವಿನ ಮರದ ಕೆಳಗೆ ಸರದಿ ಬೆಳೆಯುತ್ತಿತ್ತು.

ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಕಂಪೌಂಡರ್ ಆಗಿದ್ದ ಲಕ್ಕಪ್ಪ ಇದನ್ನೆಲ್ಲ ನೋಡುತ್ತ ತನ್ನ ಕರೀ ಟೊಪ್ಪಿಗೆಯನ್ನು ತೆಗೆಯುವುದು, ಮತ್ತೆ ಹಾಕಿಕೊಳ್ಳುವುದು ಮಾಡುತ್ತಿದ್ದ. ಅವನಿಗೆ ಸಿಟ್ಟು ಬಂದಾಗ ಹಾಗೆ.

“ಸಾಹೇಬ್ರ, ಮಂದಿ ಏನ್ ಅನ್ನಾಕತ್ತಾರ ಗೊತ್ತೇನ್ರಿ? ‘ಹೊಸ ಡಾಕ್ಟರ ಮದ್ದು ಕೊಡೂದಿಲ್ಲ, ಮುಂಜಾನಿಯಿಂದ ಬರೇ ಜವಾಬು ಬರಕೋತಾನ. ಇವನೇನು ಡಾಕ್ಟರೋ ಫೌಜದಾರನೋ’ ಅಂತಾರ್ರಿ.”

“ಲಕ್ಕಪ್ಪನವರ, ಪೂರ್ತಿ ಕೇಳದ ಮದ್ದು ಕೊಡೂದು ಕತ್ತಲ್ಯಾಗ ಕಲ್ಲು ಒಗದಂಗ” ಎನ್ನುತ್ತಿದ್ದ ಶಿದ್ರಾಮ, ಪೆನ್ನಿಗೆ ಶಾಯಿ ತುಂಬುತ್ತ.

ಲಕ್ಕಪ್ಪ ಟೊಪ್ಪಿಗೆ ತೆಗೆಯುತ್ತಿದ್ದ.

೧೯೩೯ರ ಮಾಗಿಯ ಒಂದು ಬುಧವಾರ ನಾಗನೂರಿನಿಂದ ಒಂದು ಚಕ್ಕಡಿ ಬಂದು ಬೇವಿನ ಮರದ ಕೆಳಗೆ ನಿಂತಿತು. ಎತ್ತು ಹೊಡೆಯುತ್ತಿದ್ದವನು ಸೋಮಪ್ಪ, ಒಕ್ಕಲುತನದವನು, ಮಾತು ಕಡಿಮೆ. ಹಿಂದೆ ಕೂತವರು ಅವನ ತಾಯಿ ಯಮನವ್ವ ಮತ್ತು ಹೆಂಡತಿ ಶಿವಗಂಗವ್ವ. ಇಬ್ಬರ ಮಾತೂ ಕಡಿಮೆಯಿರಲಿಲ್ಲ. ಸೋಮಪ್ಪನ ಪಾಲಿನ ಮಾತನ್ನೂ ಅವರೇ ಆಡಿಬಿಟ್ಟಿದ್ದರಿಂದ ಅವನಿಗೆ ಉಳಿದಿರಲಿಲ್ಲವೇನೋ.

ಯಮನವ್ವನಿಗೆ ಅರವತ್ತರ ಆಚೆ. ಬಲಗಾಲಿನ ಹೆಬ್ಬೆರಳಿಗೆ ಹುಣ್ಣು. ಐದು ವಾರದ ಹಿಂದೆ ಎಮ್ಮೆ ತುಳಿದದ್ದು. ಅರಿಷಿಣ, ಬೇವಿನೆಣ್ಣೆ ಎಲ್ಲ ಆಯಿತು, ಮಾಯಲಿಲ್ಲ. ಐದು ವಾರವೆಂದರೆ ಬಹಳವಾಯಿತು ಎಂದುಕೊಂಡ ಶಿದ್ರಾಮ ಖಾನೆ ಎಳೆದು ದೊಡ್ಡ ಹಾಳೆಗೆ ಕೈ ಹಾಕಿದ.

“ಏ ತಮ್ಮಾ, ಅದನ್ನ ತಗೀಬ್ಯಾಡ!” ಎಂದು ಯಮನವ್ವ ಬೆಂಚಿನ ಮೇಲಿಂದ ಎದ್ದೇಬಿಟ್ಟಳು. “ದೊಡ್ಡ ಹಾಳಿ ಬರದ್ರ ಪಲಂಗದ ಮ್ಯಾಲ ಕೆಡವ್ತಾರಂತ ನಮ್ಮೂರಾಗ ಎಲ್ಲಾರಿಗೂ ಗೊತ್ತೈತಿ. ನಮ್ಮ ಎಮ್ಮಿ ಇವತ್ತೋ ನಾಳೆಯೋ ಈಯೂದೈತಿ. ಸಣ್ಣ ಚೀಟಿ ಬರಿ, ಮುಲಾಮ ಕೊಡು, ಹೊಂಟೆ.”

“ಬರೀರಿ ಡಾಕ್ಟರ, ಬರೀರಿ” ಎಂದಳು ಹಿಂದೆ ನಿಂತಿದ್ದ ಶಿವಗಂಗವ್ವ ಮೆಲ್ಲಗೆ. “ದೊಡ್ಡದರಾಗ ಬರೀರಿ. ಆಕಿಗೆ ಭಾಳ ಬ್ಯಾನಿ ಅದಾವು. ಹದಿನೈದು ದಿನಾನರೆ ಇಟಗೋರಿ.”

ಶಿದ್ರಾಮನಿಗೆ ಇದು ಸೊಸೆಯ ಅಂತಃಕರಣವಾಗಿ ಕಂಡಿತು. ಅವನಿಗಿನ್ನೂ ಮದುವೆಯಾಗಿರಲಿಲ್ಲ.

“ನಿದ್ದಿ ಹೆಂಗೈತಿ, ಯಮನವ್ವಾರ?”

“ಕಲ್ಲು ಬಿದ್ದಂಗ ಬೀಳ್ತೀನಿ.”

“ಎಲ್ಲಿ ಬೀಳ್ತಾಳ್ರಿ!” ಎಂದಳು ಸೊಸೆ. “ರಾತ್ರಿ ನಾಕು ಸಲ ಐದು ಸಲ ಏಳ್ತಾಳ. ಬಾಗಿಲಾ ದಡ್ ಅಂತ ತಗೀತಾಳ, ದಡ್ ಅಂತ ಹಾಕ್ತಾಳ. ಮನಿಮಂದಿಗೆ ನಿದ್ದಿ ಇಲ್ಲ.”

‘ನಿದ್ರೆ: ನಾಲ್ಕೈದು ಸಲ ಏಳುತ್ತಾರೆ. ಬಾಗಿಲ ಸಪ್ಪಳ’ ಎಂದು ಮೂರನೆಯ ಪುಟದಲ್ಲಿ ಬರೆದ.

“ಊಟ?”

“ಒಂದು ರೊಟ್ಟಿ.”

“ನಾಕು ರೊಟ್ಟಿ ಡಾಕ್ಟರ. ತಿಂದ ಮ್ಯಾಲ ಬೆಲ್ಲ. ನಾ ಕಾಳಿನ ಹಗೇವಿನ ಬಾಜೂಕ ಮುಚ್ಚಿಟ್ಟರೂ ಹುಡುಕಿ ತಿಂತಾಳ. ಒಂದು ಹರವಿ ನೀರು ಮಧ್ಯಾನ್ನಕ್ಕ ಖಾಲಿ. ಬಾವಿಯಿಂದ ತರಾಕಿ ನಾನ ಅಲ್ರಿ?”

“ಎಷ್ಟು ಹೊತ್ತು ತರ್ತೀ ಅಂತ ಹೇಳು! ಬಾವಿ ಕಟ್ಟೀ ಮ್ಯಾಲ ಕುಂತು ನನ್ನ ಸುದ್ದಿ ಊರ ಮಂದಿಗೆ ಹೇಳಿ ಮುಗಿದ ಮ್ಯಾಲ ತರ್ತಾಳ, ಡಾಕ್ಟರ.”

“ಉಪವಾಸ ಗಿಪವಾಸ?”

“ಸೋಮವಾರ ಒಪ್ಪತ್ತು ಮಾಡ್ತಾಳ್ರಿ. ಸಂಜಿ ಲಿಂಗಪೂಜಿ ತನಕ ಒಂದು ಕಾಳು ಬಾಯಾಗ ಹಾಕೂದಿಲ್ಲ. ಆವತ್ತು ಸಿಟ್ಟು ಇನ್ನಾ ಜಾಸ್ತಿ.”

ಸೊಸೆ ಹೇಳಿದಳು, ಅತ್ತೆ ಅಲ್ಲಗಳೆದಳು, ಶಿದ್ರಾಮ ಎರಡನ್ನೂ ಬರೆದ. ಒಡಹುಟ್ಟಿದ ಅಣ್ಣ ಕಾಲು ಕೊಳೆತು ಸತ್ತದ್ದು ಮನೆತನದ ಕಾಲಮಿಗೆ ಹೋಯಿತು. ಕುಪ್ಪಸ ಸಡಿಲಾಗಿದ್ದು ಇನ್ನೆಲ್ಲಿಗೋ ಹೋಯಿತು. ಎಮ್ಮೆ ಸೂಲಿಗೆ ಬಂದದ್ದಕ್ಕೆ ಯಾವ ಕಾಲಮೂ ಇರಲಿಲ್ಲ, ಅದನ್ನು ಅಂಚಿನಲ್ಲಿ ಬರೆದುಕೊಂಡ. ನಾಲ್ಕನೆಯ ಪುಟಕ್ಕೆ ಬರುವಷ್ಟರಲ್ಲಿ ಹೊರಗೆ ಮೂವತ್ತು ಜನ ಸೇರಿ ಕೆಮ್ಮುತ್ತಿದ್ದರು. ಎದೆ, ಹೊಟ್ಟೆ ಅವಸರದಲ್ಲಿ ನೋಡಿದ. ಮೂತ್ರ ಪರೀಕ್ಷೆಯ ಮುಂದೆ ‘ನಾಳೆ’ ಎಂದು ಹಾಕಿದ. ರೋಗದ ಮುಂದೆ ‘ಬಲಗಾಲ ಹೆಬ್ಬೆರಳ ಹುಣ್ಣು’ ಎಂದು ಬರೆದು, ತಲೆಯ ಮೇಲೆ ‘ಹಾಸಿಗೆ ನಂಬರು ೩’ ಎಂದು ತುಂಬಿದ.

ಮೂರು ಎಂಬ ಅಂಕಿ ನೋಡಲು ಅಕ್ಷರ ಬರಬೇಕಾಗಿರಲಿಲ್ಲ. ಯಮನವ್ವ ಸೆರಗು ಸಿಗಿಸಿಕೊಂಡು, ಕುಂಟುತ್ತ ಹೋಗಿ ಚಕ್ಕಡಿ ಹತ್ತಿ ಕೂತಳು. “ಸೋಮ್ಯಾ, ಎತ್ತು ಹೂಡು!”

ಸೋಮಪ್ಪ ಎತ್ತುಗಳ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ, ಕಡೆಗೆ ಆಕಾಶದ ಕಡೆ ನೋಡಿದ. ಎತ್ತು ಹೂಡಲಿಲ್ಲ.

ಒಳಗೆ ಲಕ್ಕಪ್ಪ ಹಾಳೆಯನ್ನು ಎತ್ತಿ ಹಿಡಿದ. “ಇದನ್ನೇನ್ ಮಾಡೂಣ್ರಿ? ಪೇಷಂಟು ಚಕ್ಕಡ್ಯಾಗ, ಪೇಪರು ಪಲಂಗದ ಮ್ಯಾಲ. ನಾಳೆ ಕಮಿಟಿಯವರು ಬಂದು ಮೂರನೇ ನಂಬರ ಎಲ್ಲೈತಿ ಅಂದ್ರ ನಾ ಹಾಳಿ ಮಲಗಿಸಿ ತೋರಸ್ಲೇನ್ರಿ? ಚೀಟಿ ಬರದು ಕಳಸ್ರಿ.”

“ನಾಲ್ಕು ಪುಟಾ ಅಂಗೈಯಷ್ಟು ಚೀಟ್ಯಾಗ ಹೆಂಗ ಹಿಡಸ್ಲಿ?” ಎಂದ ಶಿದ್ರಾಮ. ಅವನಿಗೆ ಅಳು ಬರುವುದೊಂದು ಬಾಕಿಯಿತ್ತು.

“ಆಕಿ ಯಾಕ ಬಂದಾಳ್ರಿ? ಕಾಲಿಗೆ. ಕಾಲಿಗೆ ಏನ್ ಸಂಬಂಧ ಐತಿ ಅಷ್ಟ ಬರೀರಿ. ಉಳದದ್ದು ಬಿಡ್ರಿ.”

ಶಿದ್ರಾಮ ಮುಖ ಗಂಟು ಹಾಕಿಕೊಂಡೇ ಚೀಟಿ ತೆಗೆದುಕೊಂಡ. ತಾನು ಬರೆದದ್ದನ್ನು ಮೊದಲಿಂದ ಓದುತ್ತ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಇದಕ್ಕೂ ಕಾಲಿಗೂ ಏನಾದರೂ ಇದೆಯೇ ಎಂದು ತನ್ನನ್ನೇ ಕೇಳಿಕೊಂಡ. ಎಮ್ಮೆ ತುಳಿದದ್ದು, ಇದೆ. ಐದು ವಾರ ಮಾಯದ್ದು, ಇದೆ. ಚಿಕ್ಕಂದಿನಲ್ಲಿ ಸಿಡುಬು ಎದ್ದದ್ದು, ಇಲ್ಲ. ಬಾವಿ ಕಟ್ಟೆಯ ಸುದ್ದಿ, ಇಲ್ಲ. ಸೋಮವಾರದ ಒಪ್ಪತ್ತು, ಇಲ್ಲ. ಅಣ್ಣ ಕಾಲು ಕೊಳೆತು ಸತ್ತದ್ದು... ಅದನ್ನು ಬರೆದ. ಬಾಗಿಲ ಸಪ್ಪಳ, ಇಲ್ಲ. ಆದರೆ ಮುದುಕಿ ಏಳುವುದಾದರೂ ಯಾಕೆ? ಹಾಳೆಯಲ್ಲಿ ಸಪ್ಪಳ ಇತ್ತು, ಕಾರಣ ಇರಲಿಲ್ಲ.

ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. “ಯಮನವ್ವಾರ, ರಾತ್ರಿ ಯಾಕ ಏಳ್ತೀರಿ?”

ಬೇವಿನ ಮರದ ಕೆಳಗಿನ ಮೂವತ್ತು ಜನರೂ ಕೆಮ್ಮು ನಿಲ್ಲಿಸಿ ಚಕ್ಕಡಿಯ ಕಡೆ ತಿರುಗಿದರು.

“ಏಳದ ಅಲ್ಲೇ ಮಾಡ್ಲೇನು, ಹಾಟ್ಯಾ!” ಎಂದು ಯಮನವ್ವ ಅಲ್ಲಿಂದಲೇ ಕೂಗಿದಳು.

ಶಿದ್ರಾಮ ತಲೆ ಒಳಗೆ ಎಳೆದುಕೊಂಡು ಬರೆದ. ರಾತ್ರಿ ಐದು ಸಲ ಮೂತ್ರ. ಅದರ ಕೆಳಗೆ, ಒಂದು ಹರವಿ ನೀರು. ಅದರ ಕೆಳಗೆ, ನಾಲ್ಕು ರೊಟ್ಟಿ ತಿಂದರೂ ಮೈ ಇಳಿದಿದೆ. ಅದರ ಮೇಲೆ ಮಾಯದ ಹುಣ್ಣು, ಅಣ್ಣನ ಕಾಲು. ನಾಲ್ಕು ಪುಟದಲ್ಲಿ ದಿಕ್ಕಿಗೊಂದರಂತೆ ಚದುರಿ ಕೂತಿದ್ದ ಮಾತುಗಳು ಅಂಗೈಯಗಲದ ಜಾಗದಲ್ಲಿ ಒಂದಕ್ಕೊಂದು ಮೈ ಹತ್ತಿ ನಿಂತವು. ಅವನ ಕಿವಿ ಬಿಸಿಯಾಯಿತು.

“ಲಕ್ಕಪ್ಪನವರ,” ಎಂದ ಸಣ್ಣ ದನಿಯಲ್ಲಿ, “ಇದು ಸಕ್ಕರಿ ಬ್ಯಾನಿ. ಒಂದು ತಾಸಿಂದ ನನ್ನ ಕೈಯಾಗ ಇತ್ತು. ನೀಲಿ ದ್ರಾವಣ ತಗೀರಿ.”

ಮೂತ್ರ ಕೇಳಿದ್ದಕ್ಕೆ ಯಮನವ್ವ ಆಡಿದ ಮಾತುಗಳನ್ನು ಯಾವ ನಮೂನೆಯಲ್ಲೂ ಬರೆಯುವಂತಿರಲಿಲ್ಲ. “ಚೀಟಿಯವರು ಅದನ್ನ ಕೊಟ್ಟರ ಲಗೂನ ಮನಿಗೆ ಹೋಗಬಹುದು” ಎಂದು ಲಕ್ಕಪ್ಪ ಒಂದು ಸುಳ್ಳು ಹೇಳಿದ ಮೇಲೆ ಆಕೆ ಶೀಸೆ ಹಿಡಿದು ಹಿತ್ತಲಿಗೆ ಹೋದಳು.

ಗಾಜಿನ ನಳಿಗೆಯಲ್ಲಿ ನೀಲಿ ದ್ರಾವಣ ಹಾಕಿ, ಎಂಟು ಹನಿ ಬಿಟ್ಟು, ಶಿದ್ರಾಮ ಸ್ಪಿರಿಟ್ ದೀಪದ ಮೇಲೆ ಕುದಿಸಿದ. ನೀಲಿ ಹೋಗಿ ಹಸಿರಾಯಿತು, ಹಸಿರು ಹೋಗಿ ಹಳದಿ, ನೋಡನೋಡುತ್ತ ಇಟ್ಟಿಗೆಯ ಕೆಂಪು. ಬಣ್ಣ ಬದಲಾದಂತೆ ಯಮನವ್ವನ ಬಾಯಿ ತೆರೆಯುತ್ತ ಹೋಯಿತು.

“ಇದು ನಂದ?”

“ನಿಮ್ದ.”

“ಛಂದ ಬಂದೈತಿ ನೋಡು” ಎಂದಳು ಆಕೆ, ಸೊಸೆಯ ಕಡೆ ತಿರುಗಿ.

ಶಿದ್ರಾಮ ಬಿಡಿಸಿ ಹೇಳಿದ. ಬಣ್ಣ ಕೆಂಪಾದಷ್ಟೂ ಸಕ್ಕರೆ ಹೆಚ್ಚು. ರಕ್ತದಲ್ಲಿ ಸಕ್ಕರೆ ಏರಿದೆ, ಅದಕ್ಕೇ ಹುಣ್ಣು ಮಾಯುತ್ತಿಲ್ಲ. ಬಿಟ್ಟರೆ ಅಣ್ಣನ ಕಾಲಿಗೆ ಆದದ್ದೇ ಆದೀತು. ಇನ್ಸುಲಿನ್ ಎಂಬ ಸೂಜಿಮದ್ದು ಬೆಳಗಾವಿಯಿಂದ ರೈಲಿನಲ್ಲಿ ಘಟಪ್ರಭಾಕ್ಕೆ ತರಿಸಬೇಕು. ಮೂರು ವಾರ ಇಲ್ಲೇ ಇರಬೇಕು. ಅಣ್ಣನ ಹೆಸರು ಬಂದ ಮೇಲೆ ಯಮನವ್ವ ವಾದಿಸಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು “ಮತ್ತ ಎಮ್ಮಿ?” ಎಂದಳಷ್ಟೇ.

ಶಿವಗಂಗವ್ವನ ಮುಖ ದೀಪಾವಳಿಯಂತೆ ಬೆಳಗಿತ್ತು. “ಎಮ್ಮಿ ಕಾಳಜಿ ಮಾಡಬ್ಯಾಡ್ರಿ ಅತ್ತಿ. ನಾ ಅದೀನಲ್ಲ, ಮನ್ಯಾಗ.”

“ನೀವು ಮನ್ಯಾಗ ಹೆಂಗ ಇರ್ತೀರಿ?” ಎಂದ ಲಕ್ಕಪ್ಪ. “ಹೆಣ್ಣುಮಗಳು ಪಲಂಗ ಹಿಡದ್ರ ಮನಿ ಹೆಣ್ಣುಮಗಳು ಒಬ್ಬಾಕಿ ಕೂಡ ಇರಬೇಕು. ಕಮಿಟಿ ಕಾಯ್ದೆ ಐತಿ. ಹಿತ್ತಲದಾಗ ಒಲಿ ಐತಿ, ನೀವ ಅಡಗಿ ಮಾಡಿ ಹಾಕಬೇಕು.”

“ಮೂರು ವಾರ?”

“ಮೂರು ವಾರ. ಇವರ ಪಲಂಗದ ಕೆಳಗ ನಿಮ್ಮ ಚಾಪಿ.”

ಶಿವಗಂಗವ್ವ ಗಂಡನ ಕಡೆ ನೋಡಿದಳು. ಆ ದಿನ ಸೋಮಪ್ಪ ಮೊದಲ ಸಲ ಬಾಯಿ ಬಿಟ್ಟ.

“ಎಮ್ಮಿ ನಾ ನೋಡ್ಕೋತೀನಿ. ನೀವು ಆರಾಮ ಇರ್ರಿ. ಅವಸರೇನಿಲ್ಲ.” ಎಂದವನೇ ಎತ್ತು ಹೂಡಿದ. ಹೊರಟ ಚಕ್ಕಡಿಯಿಂದ ಸಿಳ್ಳಿನ ಸದ್ದು ಕೇಳಿಸಿತು ಎಂದು ಸರದಿಯಲ್ಲಿದ್ದವರು ಆಮೇಲೆ ಹೇಳಿದರು.

ಚೀಟಿಯ ಈ ಗೆಲುವು ಶಿದ್ರಾಮನ ತಲೆಗೆ ಏರಿತು. ದೊಡ್ಡ ಹಾಳೆಯನ್ನು ಖಾನೆಯೊಳಗೆ ತುರುಕಿ, ಚೀಟಿಯನ್ನೇ ಮೂರನೆಯ ಹಾಸಿಗೆಯ ಮೊಳೆಗೆ ಸಿಗಿಸಿದ.

“ಪಲಂಗದ ಪೇಷಂಟಿಗೆ ದೊಡ್ಡದ ಇರಬೇಕಲ್ರಿ?” ಎಂದ ಲಕ್ಕಪ್ಪ.

“ಅದರಾಗ ಬಾವಿ ಕಟ್ಟಿ ಸುದ್ದಿ ಐತಿ. ಬೇಕಾದದ್ದೆಲ್ಲಾ ಇದರಾಗ ಐತಿ.”

“ನಾ ಚೀಟಿ ಅಂದದ್ದು ಮನಿಗೆ ಹೋಗೋರಿಗೆ. ಹೋಗೋರನ್ನ ಮತ್ತ ನೋಡೂದು ಎಂಟು ದಿನಕ್ಕ. ಇವರು ಹಗಲೂ ರಾತ್ರಿ ನಮ್ಮ ಕೈಯಾಗ ಇರ್ತಾರ್ರಿ. ಏನ್ ತಿಂತಾರ, ಏನ್ ಬಿಡ್ತಾರ...”

“ಲಕ್ಕಪ್ಪನವರ, ಎರಡು ತಿಂಗಳು ನನಗ ಚೀಟಿ ಚೀಟಿ ಅಂತ ಬಡಕೊಂಡವರು ನೀವ ಅಲ್ಲೇನು?”

ಲಕ್ಕಪ್ಪ ಟೊಪ್ಪಿಗೆ ತೆಗೆದ, ಹಾಕಿಕೊಂಡ, ಹೋದ.

ಇನ್ಸುಲಿನ್ ಶನಿವಾರ ಬಂತು. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಗೆಯಲ್ಲಿ ಅದನ್ನು ತಣ್ಣಗೆ ಇಟ್ಟರು. ಶನಿವಾರ ಊಟದ ಮುಂಚೆ ಸೂಜಿ, ಭಾನುವಾರವೂ ಸೂಜಿ. ನಳಿಗೆಯಲ್ಲಿ ಕೆಂಪು ಇಳಿದು ಹಳದಿಗೆ ಬಂತು. ಶಿದ್ರಾಮ ಸಂಜೆ ತಿರುಗಾಡಲು ಹೋಗುವಾಗ ಕೋಟು ತೊಡತೊಡಗಿದ.

ಸೋಮವಾರ ಬೆಳಿಗ್ಗೆ ಏಳೂವರೆಗೆ ಎಂದಿನಂತೆ ಸೂಜಿ ಕೊಟ್ಟು, ರೊಟ್ಟಿ ತಿನ್ನಿರಿ ಎಂದು ಹೇಳಿ ಸರದಿಯ ಕಡೆ ಹೋದ. ಹತ್ತರ ಸುಮಾರಿಗೆ ಶಿವಗಂಗವ್ವ ಸೆರಗು ಜಾರಿದ್ದೂ ಅರಿಯದೆ ಓಡಿಬಂದಳು.

“ಡಾಕ್ಟರ, ಲಗೂ ಬರ್ರಿ! ಅತ್ತಿ ನನಗ ‘ಬಾರವ್ವಾ ಮಗಳ, ಬಂಗಾರ’ ಅನ್ನಾಕತ್ತಾಳ! ಆಕಿಗೆ ಏನೋ ಆಗೇತಿ!”

ಹೋಗಿ ನೋಡಿದರೆ ಯಮನವ್ವ ಬೆವರಿನಲ್ಲಿ ತೊಯ್ದು ಹೋಗಿದ್ದಳು. ಕೈ ಗಡಗಡ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಕಣ್ಣು ಎಲ್ಲೋ, ಮಾತು ಎಲ್ಲೋ. ಶಿದ್ರಾಮನ ಕೋಟಿನೊಳಗಿನ ಜಂಬವೆಲ್ಲ ಆ ಕ್ಷಣವೇ ಇಳಿಯಿತು.

“ರೊಟ್ಟಿ ಎಷ್ಟು ತಿಂದ್ರು?”

“ಎಲ್ಲಿ ರೊಟ್ಟಿ? ಇವತ್ತು ಸೋಮವಾರ ಅಲ್ರಿ!”

“ಬೆಲ್ಲ! ಲಕ್ಕಪ್ಪನವರ, ಬೆಲ್ಲದ ನೀರು! ಓಡ್ರಿ!”

ಬೆಲ್ಲಕ್ಕಾಗಿ ಓಡಬೇಕಾಗಲಿಲ್ಲ. ಶಿವಗಂಗವ್ವ ಅತ್ತೆಯ ದಿಂಬಿನ ಕೆಳಗೆ ಕೈ ಹಾಕಿ ಒಂದು ಗಂಟು ತೆಗೆದಳು. ಮುದುಕಿ ಅದನ್ನು ಯಾವಾಗ, ಯಾರಿಂದ ತರಿಸಿಕೊಂಡಿದ್ದಳೋ ಆ ಹೊತ್ತಿನಲ್ಲಿ ಯಾರೂ ಕೇಳಲಿಲ್ಲ. ನೀರಿನಲ್ಲಿ ಕಲಸಿ, ಗುಟುಕು ನುಂಗುತ್ತಾಳೆಂದು ನೋಡಿಕೊಂಡು ಸ್ವಲ್ಪ ಸ್ವಲ್ಪವಾಗಿ ಕುಡಿಸಿದರು. ಹತ್ತು ಹದಿನೈದು ನಿಮಿಷದಲ್ಲಿ ನಡುಕ ನಿಂತಿತು, ಬೆವರು ಆರಿತು. ಯಮನವ್ವ ಕಣ್ಣು ಹೊರಳಿಸಿ ಸೊಸೆಯನ್ನು ಗುರುತು ಹಿಡಿದಳು.

“ಶಿವಗಂಗೀ, ಸೋಮವಾರ ಹೊತ್ತು ಮುಳುಗೂಕಿಂತ ಮೊದ್ಲ ನನ್ನ ಬಾಯಾಗ ಬೆಲ್ಲ ಹಾಕಿದೇನ? ಧರ್ಮಗೇಡಿ!”

“ಆರಾಮಾದಳ್ರಿ” ಎಂದು ಶಿವಗಂಗವ್ವ ನೆಲಕ್ಕೆ ಕುಸಿದು ಕೂತು ಅಳತೊಡಗಿದಳು. ಅವಳೇಕೆ ಅಷ್ಟು ಅತ್ತಳೋ ಅವಳಿಗೇ ತಿಳಿಯಲಿಲ್ಲ.

“ಒಪ್ಪತ್ತು ಅಂತ ನನಗ ಯಾಕ ಹೇಳಲಿಲ್ಲ?” ಎಂದ ಶಿದ್ರಾಮ.

ಶಿವಗಂಗವ್ವ ಕಣ್ಣು ಒರೆಸಿಕೊಂಡು ಅವನನ್ನು ದಿಟ್ಟಿಸಿದಳು. “ಬುಧವಾರ ಕೇಳಿದ್ರಿ. ಹೇಳಿದೆ. ನನ್ನ ಮುಂದ ಬರಕೊಂಡ್ರಿ ಅಲ್ರಿ?”

ಶಿದ್ರಾಮ ಖಾನೆ ಎಳೆದು ಹಾಳೆ ತೆಗೆದ. ಮೂರನೆಯ ಪುಟ, ಆಹಾರದ ಕಾಲಮು, ಅವನದೇ ಅಕ್ಷರ. ‘ಸೋಮವಾರ ಒಪ್ಪತ್ತು. ಸಂಜೆಯವರೆಗೆ ಏನೂ ಇಲ್ಲ.’ ಹುಣ್ಣಿಗೆ ಸಂಬಂಧವಿಲ್ಲ ಎಂದು ಬಿಟ್ಟದ್ದು ಸರಿಯೇ ಇತ್ತು. ಸೂಜಿಗೆ ಸಂಬಂಧವಿತ್ತು: ಖಾಲಿ ಹೊಟ್ಟೆಯಲ್ಲಿ ಅದು ರಕ್ತದ ಸಕ್ಕರೆಯನ್ನು ತೀರಾ ಇಳಿಸಿಬಿಟ್ಟಿತ್ತು. ಬುಧವಾರ ಸೂಜಿ ಇರಲಿಲ್ಲ.

ಲಕ್ಕಪ್ಪ ಏನಾದರೂ ಅಂದಾನೆಂದು ಶಿದ್ರಾಮ ಕಾದ. ಲಕ್ಕಪ್ಪ ಒಂದು ಹೊಸ ದೊಡ್ಡ ಹಾಳೆ ತಂದು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಒಂದು ಕಪ್ ಚಹಾ ಇಟ್ಟು ಹೋದ. ಅದೇ ಹೆಚ್ಚು ಚುಚ್ಚಿತು.

ಆ ದಿನ ಮಧ್ಯಾಹ್ನ ಸರದಿ ಮುಗಿದ ಮೇಲೆ ಶಿದ್ರಾಮ ಮೂರನೆಯ ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂತ. ಈ ಸಲ ಹೊರಗೆ ಕೆಮ್ಮುವವರಿರಲಿಲ್ಲ, ಯಮನವ್ವನಿಗೂ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಮೊದಲ ಪುಟದಿಂದ ಒಂದೂ ಬಿಡದೆ ಕೇಳಿದ. ಕೋಳಿಯ ಪುಕ್ಕ ತಂದು ಅಂಗಾಲಿಗೆ ಮುಟ್ಟಿಸಿದರೆ ಮುದುಕಿಗೆ ಗೊತ್ತೇ ಆಗಲಿಲ್ಲ.

“ಕಾಲು ಯಾವಾಗ್ಲೂ ಥಂಡ ಅನಸ್ತೈತಿ. ಅದಕ್ಕ ದಿನಾ ಸಂಜೀಕ ಇಟ್ಟಂಗಿ ಕಾಸಿ ಕಾಲ ಕೆಳಗ ಇಟಗೋತೀನಿ” ಎಂದಳು.

“ಸುಡೂದಿಲ್ಲೇನು?”

“ಒಂದ ಸಲ ಚರ್ಮ ಎದ್ದಿತ್ತು. ನನಗೇನ್ ಗೊತ್ತಾಗ್ಲಿಲ್ಲ ನೋಡು.”

ಶಿದ್ರಾಮ ಅದನ್ನು ಬರೆದು ಕೆಳಗೆ ಎರಡು ಗೆರೆ ಎಳೆದ. ಇಟ್ಟಿಗೆ ಅಂದೇ ಬಂದ್ ಆಯಿತು. ಸೋಮವಾರದ ಒಪ್ಪತ್ತಿಗೂ ಒಂದು ದಾರಿ ಹುಡುಕಿದರು. ಪೂಜೆ ಬೆಳಗಿನ ಹೊತ್ತಿಗೇ ಮುಗಿಸಿ, ಸೂಜಿ, ಅದರ ಬೆನ್ನಿಗೇ ಊಟ. ಇದಕ್ಕೆ ಯಮನವ್ವ ಒಪ್ಪಲು ಎರಡು ದಿನ ಹಿಡಿಯಿತು. ಕಡೆಗೆ ಊರಿನ ಮಠದ ಅಯ್ಯನವರೇ ಬಂದು ಅಡ್ಡಿಯಿಲ್ಲ ಎಂದರು.

ಮೂರು ವಾರ ಎಂದದ್ದು ಐದು ವಾರವಾಯಿತು. ಹುಣ್ಣು ಅಂಚಿನಿಂದ ಒಳಗೆ ನಿಧಾನವಾಗಿ ಮಾಯುತ್ತ ಬಂತು. ಎಮ್ಮೆ ಈದು ಕರು ಹಾಕಿದ ಸುದ್ದಿ ಹೇಳಲು ಸೋಮಪ್ಪ ಒಂದು ಸಲ ಬಂದುಹೋದ. ಮೈ ತುಂಬಿಕೊಂಡಿದ್ದ. ಕಾಯ್ದೆಯಂತೆ ಅತ್ತೆಯ ಹಾಸಿಗೆಯ ಕೆಳಗೆ ಮಲಗುತ್ತಿದ್ದ ಶಿವಗಂಗವ್ವ ನಳಿಗೆಯ ಬಣ್ಣ ನೋಡಿ ರೊಟ್ಟಿಯ ಲೆಕ್ಕ ಹೇಳುವಷ್ಟು ಪಳಗಿದಳು, ಸೂಜಿ ಚುಚ್ಚುವುದನ್ನೂ ಕಲಿತಳು. ಅತ್ತೆಗೆ ದಿನಾಲೂ ಸೂಜಿ ಚುಚ್ಚುವ ಹಕ್ಕು ಸಿಕ್ಕ ಸೊಸೆ ಆ ಸೀಮೆಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಆದರೂ ಚುಚ್ಚುವ ಮುಂಚೆ ಮೆಲ್ಲಗೆ ತಿಕ್ಕುತ್ತಿದ್ದಳು.

ಮನೆಗೆ ಹೋದ ಎಂಟನೆಯ ದಿನ ಯಮನವ್ವ ಕಾಲು ತೋರಿಸಲು ಬಂದಳು. ಹೊರಗೆ ನಲವತ್ತು ಜನ. ಶಿದ್ರಾಮ ಚೀಟಿ ತೆಗೆದುಕೊಂಡು ಕಾಲು ನೋಡಿದ, ಮೂತ್ರ ಕುದಿಸಿ ನೋಡಿದ, ಸೂಜಿ ತಪ್ಪಿಲ್ಲವೇ, ಬೆವರು ನಡುಕ ಮತ್ತೆ ಬಂದಿಲ್ಲವೇ, ಇಟ್ಟಿಗೆ ಇಟ್ಟುಕೊಂಡಿಲ್ಲವೇ ಎಂದು ಕೇಳಿದ, ಐದು ಸಾಲು ಬರೆದ. “ಆತು, ಮುಂದಿನ ಬುಧವಾರ ಬರ್ರಿ” ಎಂದ.

ಯಮನವ್ವ ಬೆಂಚು ಬಿಟ್ಟು ಏಳಲಿಲ್ಲ. ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇಷ್ಟನ? ದೊಡ್ಡ ಹಾಳಿ ತಗೀ ತಮ್ಮಾ.”

“ಅದು ಪಲಂಗದವರಿಗೆ. ನೀವೀಗ ಆರಾಮ ಆಗೀರಿ.”

“ಆರಾಮ ಆದ್ರ ಕೇಳಬಾರ್ದೇನು? ಅರವತ್ತು ವರ್ಷದಾಗ ನಮ್ಮಪ್ಪ ಕೇಳಿಲ್ಲ, ಗಂಡ ಕೇಳಿಲ್ಲ, ಹೆಂಗ ನಿದ್ದಿ ಬರ್ತೈತಿ, ಏನ್ ತಿಂತಿ ಅಂತ. ನೀ ಕೇಳಿದಿ. ಬರಕೊಂಡಿ. ಈಗ ಐದು ಸಾಲು ಬರದು ಹೋಗಂತಿ.”

ಶಿದ್ರಾಮ ಖಾನೆಯ ಕಡೆಗೊಮ್ಮೆ, ಹೊರಗಿನ ಸರದಿಯ ಕಡೆಗೊಮ್ಮೆ ನೋಡಿದ. ಇದಕ್ಕೆ ಪುಣೆಯಲ್ಲಿ ಏನೂ ಕಲಿಸಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಲಕ್ಕಪ್ಪ ಕೆಮ್ಮಿದ.

“ಬರ್ರಿ ಯಮನವ್ವಾರ, ಡಬ್ಬಿಗೆ ಮುಲಾಮ ತುಂಬಿ ಕೊಡ್ತೀನಿ. ಉಳದದ್ದು ನನ್ನ ಮುಂದ ಹೇಳ್ರಿ.”

ಮುಲಾಮು ತುಂಬಲು ಅಂದು ಮುಕ್ಕಾಲು ತಾಸು ಹಿಡಿಯಿತು. ಒಳಗೆ ಶಿದ್ರಾಮ ಹನ್ನೊಂದು ಚೀಟಿ ಬರೆದು ಮುಗಿಸಿದ. ಪ್ರತಿ ಸಲ ಬಾಗಿಲು ತೆರೆದಾಗಲೂ ಔಷಧದ ಕೋಣೆಯಿಂದ ಯಮನವ್ವನ ಮಾತು, ನಡುವೆ ನಡುವೆ ಶಿವಗಂಗವ್ವನ “ಖರೆ ಹೇಳ್ರಿ ಅತ್ತಿ” ಎಂಬ ಅಡ್ಡಬಾಯಿ ಕೇಳಿಸುತ್ತಲೇ ಇತ್ತು.